ಗುಂಡಿ, ಆಟೋಕ್ಲೇವ್, ಶ್ರೆಡ್ಡರ್

“ದೊಡ್ಡ ದವಾಖಾನಿಗೆ ಜಾಗ ಐತಲ್ರಿ, ಎಲ್ಲಾ ಕಸ ಆವರಣದಾಗ ಹುಗದ್ರ ಆಗೂದಿಲ್ಲೇನ್ರಿ?”

ಆಗೂದಿಲ್ರಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮದ ಪ್ರಕಾರ ಆಳದ ಗುಂಡಿ ಇರುವುದು ಸಾಮೂಹಿಕ ಸಂಸ್ಕರಣಾ ಘಟಕದ ಸೌಲಭ್ಯ ಸಿಗದ ಹಳ್ಳಿ, ದೂರದ ಊರುಗಳಿಗೆ ಮಾತ್ರ. ಅದೂ ಹಳದಿ ಚೀಲದ ಅಂಗಾಂಶದಂಥ ಕಸಕ್ಕೆ. ಗುಂಡಿಯ ತಳದಿಂದ ಅಂತರ್ಜಲ ಕನಿಷ್ಠ 6 ಮೀಟರ್ ಕೆಳಗಿರಬೇಕು. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಕೊಳೆನೀರು ಇಳಿಯಲು ದಾರಿ ಕೊಡುತ್ತದೆ ಎಂಬುದನ್ನೂ ಮರೆಯಬಾರದು.

ಕೆಂಪು ಚೀಲದ ಸಲೈನ್ ಬಾಟಲಿ, ಕೊಳವೆಗಳಿಗೆ ಆಟೋಕ್ಲೇವ್, ಅಂದರೆ ಒತ್ತಡದ ಹಬೆಯಿಂದ ರೋಗಾಣು ಕೊಲ್ಲುವ ಯಂತ್ರ ಬೇಕು. ನಿರ್ವಾತವಿಲ್ಲದ ಯಂತ್ರವಾದರೆ 121 ಡಿಗ್ರಿ ಸೆಲ್ಸಿಯಸ್, 15 ಪಿಎಸ್‌ಐ ಒತ್ತಡ, 60 ನಿಮಿಷ. ಎಡವುವುದು ಇಲ್ಲೇ: ಚೀಲದ ಬಾಯಿ ಬಿಗಿದು, ಯಂತ್ರದ ತುಂಬ ಒತ್ತಿ ತುರುಕುತ್ತಾರೆ. ಒಳಗೆ ಸಿಕ್ಕಿಬಿದ್ದ ಗಾಳಿ ಹಬೆಯನ್ನು ಬಿಟ್ಟುಕೊಳ್ಳುವುದಿಲ್ಲ. ಮೀಟರ್ 121 ತೋರಿಸುತ್ತದೆ, ಚೀಲದ ನಡುಭಾಗ ಅಷ್ಟು ಕಾದಿರುವುದೇ ಇಲ್ಲ. ಚೀಲದ ಹೊರಗೆ ಅಂಟಿಸಿದ, ಶಾಖ ತೋರಿಸುವ ಪಟ್ಟಿಯೂ ಬಣ್ಣ ಬದಲಿಸಿ ಮೋಸ ಮಾಡುತ್ತದೆ. ಆದ್ದರಿಂದ ಬಿಸಿಗೆ ಸುಲಭವಾಗಿ ಸಾಯದ ಜಿಯೋಬ್ಯಾಸಿಲಸ್ ಸ್ಟೀರೋಥರ್ಮೋಫಿಲಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳ ಪಟ್ಟಿಯನ್ನು ಕಸದ ನಟ್ಟನಡುವೆ ಇಡಿ, ಒಂದನ್ನು ಹೋಲಿಕೆಗೆ ಹೊರಗಿಡಿ. ಎರಡನ್ನೂ ಕಾವಿಗಿಟ್ಟಾಗ ಹೊರಗಿನದು ಬೆಳೆದು ಒಳಗಿನದು ಬೆಳೆಯದಿದ್ದರೆ ಮಾತ್ರ ಯಂತ್ರದ ಕೆಲಸ ಸರಿ.

ಕಸವನ್ನು ಚೂರು ಮಾಡುವ ಶ್ರೆಡ್ಡರ್ ಆಟೋಕ್ಲೇವ್ ನಂತರವೇ. ಮೊದಲೇ ಕತ್ತರಿಸಿದರೆ ಸೋಂಕಿನ ಹನಿಗಳು ಗಾಳಿಗೆ ಹಾರಿ, ಯಂತ್ರದ ಮುಂದೆ ನಿಂತ ಕೆಲಸಗಾರನ ಮೂಗಿಗೇ ಹೋಗುತ್ತವೆ. ಚೂರಾದ ಪ್ಲಾಸ್ಟಿಕ್ ನೋಂದಾಯಿತ ಮರುಬಳಕೆದಾರರಿಗೆ ಹೋಗಬೇಕು, ಗುಂಡಿಗಲ್ಲ.