ಪೇಡೆಯ ಗಾಳಿ, ಸಿಹಿಯ ಸೀಟಿ

ಧಾರವಾಡದಲ್ಲಿ ಹುಟ್ಟಿ ಬೆಳೆದವನಿಗೆ ‘ಪೇಡೆ’ ಅನ್ನಲು ಬರುವುದಿಲ್ಲ ಅಂದರೆ ಯಾರಾದರೂ ನಂಬುತ್ತಾರಾ? ನನಗೆ ಬರಲಿಲ್ಲ. ತಿನ್ನಲು ಚೆನ್ನಾಗಿಯೇ ಬರುತ್ತದೆ. ಮೈಕಿನ ಮುಂದೆ ಅನ್ನಲು ಬರಲಿಲ್ಲ.

ಗೆಳೆಯನೊಬ್ಬ ಮಿಠಾಯಿ ಅಂಗಡಿ ಇಟ್ಟಿದ್ದಾನೆ. ಅವನ ಜಾಹೀರಾತಿಗೆ ನನ್ನ ಧ್ವನಿ ಬೇಕಂತೆ. ಬರೆದುಕೊಟ್ಟದ್ದು ಇಷ್ಟೇ: “ಬಾಯಲ್ಲಿಟ್ಟರೆ ಕರಗುವ ಪೇಡೆ. ಸವಿದಷ್ಟೂ ಸವಿ, ಸಂಭ್ರಮದ ಸಿಹಿ. ಶುಭಕಾರ್ಯಕ್ಕೆ ಒಂದು ಪೆಟ್ಟಿಗೆ.” ಇಷ್ಟಕ್ಕೆ ಎಷ್ಟು ಹೊತ್ತು ಬೇಕು, ಚಹಾ ಆರುವುದರೊಳಗೆ ಮುಗಿಯಿತು ಅಂದುಕೊಂಡೆ. ಮನೆಯ ಹಿಂದಿನ ಕೋಣೆಯಲ್ಲಿ ಗೋಡೆಗೆ ಎರಡು ಕೌದಿ ಇಳಿಬಿಟ್ಟೆ, ಫ್ಯಾನ್ ಆರಿಸಿದೆ, ಮೈಕನ್ನು ತುಟಿಗೆ ಎರಡು ಇಂಚು ಹತ್ತಿರ ಎಳೆದುಕೊಂಡೆ. ಹತ್ತಿರ ಇದ್ದಷ್ಟೂ ಧ್ವನಿ ತುಂಬಿ ಬರುತ್ತದೆ ಅನ್ನುವುದು ನನ್ನ ತಿಳುವಳಿಕೆ. ಅದು ಸುಳ್ಳೂ ಅಲ್ಲ.

ಗೆಳೆಯ ಕೇಳಿ ಹೇಳಿದ, “ಏನಪಾ, ಪೇಡೆ ಅಂದಾಗೊಮ್ಮೆ ಯಾರೋ ಬಾಗಿಲಾ ಒದ್ದಂಗ ಆಗತೈತಿ. ಸಿಹಿ ಅಂದಾಗ ಕಾದ ಎಣ್ಣ್ಯಾಗ ಮಿರ್ಚಿ ಬಿಟ್ಟಂಗ ಆಗತೈತಿ.”

ನಾವೆಲ್ಲ ಧಾರವಾಡ ಆಕಾಶವಾಣಿ ಕೇಳಿಕೊಂಡು ಬೆಳೆದವರು. ಅದು ಶುರುವಾದದ್ದು 1950ರಲ್ಲಿ, ನಾನು ಹುಟ್ಟುವ ಎಷ್ಟೋ ಮೊದಲು. ಅಲ್ಲಿಯ ವಾರ್ತೆಯಲ್ಲಿ ಬಾಗಿಲು ಒದ್ದದ್ದು ಎಂದೂ ಕೇಳಿಸಿರಲಿಲ್ಲ. ಹುಟ್ಟಾ ಒಳ್ಳೆಯ ಕಂಠ ಇದ್ದವರನ್ನೇ ಆರಿಸಿರುತ್ತಾರೆ ಅಂತ ತಿಳಿದಿದ್ದೆ. ಗುಟ್ಟು ಕಂಠದಲ್ಲಿ ಅಲ್ಲ, ಗಾಳಿಯಲ್ಲಿ ಇತ್ತು ಅನ್ನುವುದು ಊದಿನಕಡ್ಡಿ ತೋರಿಸಿಕೊಟ್ಟಿತು.

ದೇವರ ಮುಂದೆ ಹಚ್ಚಿದ ಊದಿನಕಡ್ಡಿಯ ಹೊಗೆ ನೆಟ್ಟಗೆ ಏಳುತ್ತಿತ್ತು. ಸುಮ್ನೆ ಅದರ ಮುಂದೆ ಕೂತು ‘ಮ’ ಅಂದೆ. ಹೊಗೆ ಅಲುಗಲಿಲ್ಲ. ‘ಪ’ ಅಂದೆ. ಹೊಗೆಯ ನಡುವೆ ಯಾರೋ ಕೋಲು ತೂರಿಸಿದ ಹಾಗೆ ತೂತು ಬಿತ್ತು. ಎರಡಕ್ಕೂ ತುಟಿ ಕೂಡಲೇಬೇಕು. ಪ ಫ ಬ ಭ ಮ ಅಂತ ಶಾಲೆಯಲ್ಲಿ ಒಂದೇ ಸಾಲಿನಲ್ಲಿ ಕಲಿತದ್ದೂ ಅದಕ್ಕೇ. ಆದರೆ ‘ಮ’ದ ಉಸಿರಿಗೆ ಮೂಗಿನ ದಾರಿ ತೆರೆದಿರುತ್ತದೆ. ‘ಪ’ದ ಉಸಿರು ತುಟಿಯ ಹಿಂದೆ ಕಟ್ಟಿಕೊಂಡು ನಿಂತು, ತುಟಿ ಬಿಟ್ಟ ಕೂಡಲೇ ನುಗ್ಗುತ್ತದೆ. ಕನ್ನಡದ ‘ಪ’ ಅಲ್ಪಪ್ರಾಣ, ಗಾಳಿ ಕಡಿಮೆ. ಆದರೆ ಜಾಹೀರಾತು ಅಂದ ಕೂಡಲೇ ನಮ್ಮ ಹುರುಪು ಜಾಸ್ತಿಯಾಗಿ ‘ಪೇಡೆ’ ಹೋಗಿ ‘ಫೇಡೆ’ ಆಗುತ್ತದೆ, ಅಲ್ವಾ? ಅರ್ಧ ತಪ್ಪು ಅಲ್ಲೇ ಇತ್ತು.

ಹೊಗೆಯಲ್ಲಿ ಇನ್ನೊಂದು ಸಂಗತಿ ಕಂಡಿತು. ಊದಿನಕಡ್ಡಿಯನ್ನು ಬಾಯಿಯ ನೇರದಿಂದ ಗಲ್ಲದ ಬದಿಗೆ ಸರಿಸಿದರೆ ‘ಪ’ ಅಂದರೂ ಹೊಗೆ ಮಿಸುಕಲಿಲ್ಲ. ಗಾಳಿಯ ಪೆಟ್ಟು ನೆಟ್ಟಗೆ, ಸಣ್ಣ ಓಣಿಯಲ್ಲಿ ಹೋದ ಹಾಗೆ ಹೋಗುತ್ತದೆ. ಧ್ವನಿ ಮಾತ್ರ ಎಲ್ಲ ಕಡೆ ಹರಡುತ್ತದೆ. ಮೈಕಿನೊಳಗಿನ ತೆಳು ಪೊರೆಗೆ ಈ ಗಾಳಿ ಬಡಿದಾಗ ಆಗುವುದೇ ಬಾಗಿಲು ಒದ್ದ ಸದ್ದು. ಅಂದಮೇಲೆ ಮೈಕು ಗಾಳಿಯ ದಾರಿ ಬಿಟ್ಟು ನಿಂತರೆ ಮುಗಿಯಿತು. ಗೇಣಿಗಿಂತ ಕಡಿಮೆ ದೂರ ಇಟ್ಟೆ, ಸುಮಾರು ಆರು ಇಂಚು. ತುಟಿಯ ಎದುರಿನಿಂದ ತೆಗೆದು ಬದಿಗೆ ಇಟ್ಟು, ಅಲ್ಲಿಂದ ಬಾಯಿಯ ಮೂಲೆಯ ಕಡೆ ಓರೆಯಾಗಿ ಮುಖ ಮಾಡಿಸಿದೆ. ಹತ್ತಿರದ ಮೈಕು ಕೊಡುತ್ತಿದ್ದ ಆ ತುಂಬಿದ ಗಡಸು ಸ್ವಲ್ಪ ಕಡಿಮೆಯಾಯಿತು, ನಿಜ. ಆದರೆ ಅದೇ ತುಂಬುವಿಕೆ ಒದೆತವನ್ನೂ ದೊಡ್ಡದು ಮಾಡುತ್ತಿತ್ತು.

ಉಳಿದದ್ದಕ್ಕೆ ಒಂದು ಜರಡಿ ಬೇಕು. ಅಂಗಡಿಯಲ್ಲಿ ಪಾಪ್ ಫಿಲ್ಟರ್ ಸಿಗುತ್ತದೆ. ನನಗೆ ಮನೆಯಲ್ಲೇ ಸಿಕ್ಕಿತು, ಹೆಂಡತಿ ಕಸೂತಿ ಹಾಕುವ ರಿಂಗು. ಅದರಲ್ಲಿ ತೆಳುವಾದ ನೈಲಾನ್ ಕಾಲುಚೀಲವನ್ನು ಎರಡು ಪದರ ಬಿಗಿದು, ಮೈಕಿನಿಂದ ಮೂರು ಇಂಚು ಮುಂದೆ ಕಟ್ಟಿದೆ. ಮೈಕಿಗೆ ಅಂಟಿಸಿದರೆ ಉಪಯೋಗ ಕಡಿಮೆ. ಬಟ್ಟೆಯಲ್ಲಿ ಸೀಳಿದ ಗಾಳಿ ಸುಸ್ತಾಗಲು ನಡುವೆ ಒಂದಿಷ್ಟು ಜಾಗ ಬೇಕು.

ಈಗ ಪೇಡೆ ಪೇಡೆಯಾಯಿತು. ಸಿಹಿ ಮಾತ್ರ ಮೊದಲಿನ ಹಾಗೇ ಸೀಟಿ ಹೊಡೆಯುತ್ತಿತ್ತು. ಕಾಲುಚೀಲ ಮೂರನೆಯ ಪದರ ಹಾಕಿದೆ. ಏನೂ ಆಗಲಿಲ್ಲ. ತಲೆಗೆ ಹೊಳೆಯಲು ಅರ್ಧ ದಿನ ಬೇಕಾಯಿತು: ‘ಪ’ದ ತೊಂದರೆ ಗಾಳಿಯದು, ‘ಸ’ದ ತೊಂದರೆ ಸದ್ದಿನದೇ. ಹಲ್ಲಿನ ಅಂಚಿಗೆ ಉಸಿರು ಉಜ್ಜಿ ಹುಟ್ಟುವ ಸದ್ದು ಅದು. ಬಟ್ಟೆ ಗಾಳಿಯನ್ನು ತಡೆಯುತ್ತದೆ, ಸದ್ದನ್ನು ಬಿಡುತ್ತದೆ. ಬಿಡಲಿ ಅಂತಲೇ ಅಲ್ಲವೇ ಅದನ್ನು ಕಟ್ಟಿದ್ದು?

ಮೈಕನ್ನು ಓರೆ ಮಾಡಿದ್ದು ‘ಸ’ಕ್ಕೂ ಸ್ವಲ್ಪ ಅನುಕೂಲವಾಯಿತು, ಏಕೆಂದರೆ ಈ ತೆಳು ಸದ್ದೂ ಮುಂದಕ್ಕೇ ಚೂಪಾಗಿ ಹೋಗುತ್ತದೆ. ಉಳಿದ ಸೀಟಿಯನ್ನು ಕಂಪ್ಯೂಟರಿನಲ್ಲಿ ಇಳಿಸಬೇಕಾಯಿತು. ಧ್ವನಿ ತಿದ್ದುವ Audacity ತಂತ್ರಾಂಶದಲ್ಲಿ, ಸದ್ದಿನ ಎತ್ತರ-ತಗ್ಗನ್ನು ಬಣ್ಣದಲ್ಲಿ ತೋರಿಸುವ Spectrogram ಹಾಕಿದರೆ ನನ್ನ ‘ಸ’ಗಳು 6ರಿಂದ 8 ಕಿಲೋಹರ್ಟ್ಜ್ ಹತ್ತಿರ ಬೆಳ್ಳಗೆ ಉರಿಯುತ್ತಿದ್ದವು. ಒಂದೊಂದೇ ‘ಸ’ ಆರಿಸಿ Amplifyಯಲ್ಲಿ 12 ಡೆಸಿಬೆಲ್ ಇಳಿಸಿದೆ. ಕೇಳಿದರೆ “ಥಂಭ್ರಮದ ಥಿಹಿ”! ಹಲ್ಲು ಬಿದ್ದ ಅಜ್ಜನ ಜಾಹೀರಾತು. ಹಿಂದಕ್ಕೆ ಹೋಗಿ 5 ಡೆಸಿಬೆಲ್ ಮಾತ್ರ ಇಳಿಸಿದೆ, ಸಾಕಾಯಿತು. ನಾಲ್ಕು ‘ಸ’ ಇದ್ದ ಕಡೆ ಕೈಕೆಲಸವೇ ಸಲೀಸು. ಅರ್ಧ ಗಂಟೆಯ ಓದಿಗಾದರೆ ಡಿ-ಎಸ್ಸರ್ ಬೇಕು. ಆ ಎತ್ತರದ ಸದ್ದು ಮಿತಿ ಮೀರಿದಾಗ ಮಾತ್ರ ಅದು ಅದುಮುತ್ತದೆ. ಅಲ್ಲೂ ಒಂದು ತೊಡಕಿದೆ. ನಮ್ಮ ‘ಶ’ ಇರುವುದು ‘ಸ’ಗಿಂತ ಕೆಳಗೆ. ಡಿ-ಎಸ್ಸರನ್ನು ‘ಸ’ಕ್ಕೆ ಅಂತ ಹೊಂದಿಸಿಟ್ಟರೆ ‘ಶುಭಕಾರ್ಯ’ ಬಹುಪಾಲು ತಪ್ಪಿಸಿಕೊಂಡು ಹೋಗುತ್ತದೆ.

ಕೊನೆಯ ‘ಪೆಟ್ಟಿಗೆ’ಯಲ್ಲಿ ಹುರುಪು ತಡೆಯದೆ ಮತ್ತೆ ಒಂದು ಒದೆತ ಬಿದ್ದಿತ್ತು. ಧ್ವನಿಯ ಅಲೆಯನ್ನು ಹಿಗ್ಗಿಸಿ ನೋಡಿದರೆ ಅಕ್ಷರದ ಮುಂಭಾಗದಲ್ಲಿ ದೊಡ್ಡದೊಂದು ನಿಧಾನದ ಡುಬ್ಬ. ಅಷ್ಟನ್ನೇ ಆರಿಸಿದೆ, ಸೆಕೆಂಡಿನ ಇಪ್ಪತ್ತೈದನೇ ಒಂದು ಪಾಲು ಇರಬಹುದು. Z ಒತ್ತಿ ಅಂಚುಗಳನ್ನು ಅಲೆ ಸೊನ್ನೆಗೆ ಬರುವ ಜಾಗಕ್ಕೆ ಕೂಡಿಸಿದೆ, ಇಲ್ಲದಿದ್ದರೆ ಕತ್ತರಿಸಿದ ಕಡೆ ಟಿಕ್ ಅನ್ನುತ್ತದೆ. ತಗ್ಗಿನ ಸದ್ದನ್ನು ಅಡಗಿಸುವ High-Pass Filterನಲ್ಲಿ 120 ಹರ್ಟ್ಜ್ ಕೊಟ್ಟೆ, ಡುಬ್ಬ ಕುಸಿಯಿತು. ಇದು ಚೆನ್ನಾಗಿದೆಯಲ್ಲ ಅಂತ ಇಡೀ ಓದಿಗೆ 150 ಕೊಟ್ಟು ನೋಡಿದೆ. ಗಂಡಸರ ಧ್ವನಿಯ ಬುಡ ಇರುವುದೇ ಹೆಚ್ಚುಕಡಿಮೆ 85ರಿಂದ 155ರವರೆಗೆ. ನನ್ನ ಧ್ವನಿ ಫೋನಿನಲ್ಲಿ ಮಾತಾಡಿದ ಹಾಗೆ ಸೊರಗಿತು, ವಾಪಸ್ ತೆಗೆದೆ. ಒದೆತ ಇನ್ನೂ ಜೋರಾಗಿ ಬಿದ್ದು ಅಲೆಯ ತಲೆಯೇ ಚಪ್ಪಟೆಯಾಗಿದ್ದರೆ ಇಷ್ಟು ಕೂಡ ಸಾಗುವುದಿಲ್ಲ, ಮತ್ತೊಮ್ಮೆ ಓದಬೇಕು.

ಗೆಳೆಯನಿಗೆ ಕಳಿಸಿದೆ. ಕೇಳಿ “ಭಾಳ ಛಲೋ ಆತು” ಅಂದ. ಮರುದಿನ ಅಂಗಡಿಯ ಮುಂದೆ ಹೋದರೆ ನನ್ನ ಧ್ವನಿಯ ಹಿಂದೆ ಡೊಳ್ಳು, ಮುಂದೆ ಡೊಳ್ಳು. ‘ಪ’ ಯಾವುದು ‘ಸ’ ಯಾವುದು ನನಗೇ ಗೊತ್ತಾಗಲಿಲ್ಲ. ಕೂಲಿಗೆ ಅರ್ಧ ಕಿಲೋ ಪೇಡೆ ಕಟ್ಟಿಕೊಟ್ಟ.

ಮನೆಗೆ ಬಂದಾಗ ಹೆಂಡತಿ ರಿಂಗು ಹಿಡಿದು ನಿಂತಿದ್ದಳು. ಅವಳ ಸೀರೆಯ ಗೋಪುರ ಅರ್ಧಕ್ಕೇ ನಿಂತಿತ್ತು.

“ರೀ, ಇದಕ್ಕ ಕಾಲಚೀಲ ಕಟ್ಟೀರಲ್ಲ, ತೊಳದದ್ದೋ ಏನು?”

ನಾನು ಪೇಡೆಯ ಪೊಟ್ಟಣ ಮುಂದೆ ಹಿಡಿದೆ.