ಬಿದ್ದ ಶೇರೆಲ್ಲ ಅಗ್ಗವೇ?

"ಗರಿಷ್ಠ ಬೆಲೆಯಿಂದ ಶೇ 40 ಬಿದ್ದ ಶೇರು ಕೊಂಡರೆ ಮಾರ್ಜಿನ್ ಆಫ್ ಸೇಫ್ಟಿ ಸಿಕ್ಕಂತೆಯೇ." (ಜಯನಗರದ ನಮ್ಮ ವಾಕಿಂಗ್ ಗುಂಪಿಗೆ ಬಂದ ಫಾರ್ವರ್ಡ್)

ಸತ್ಯಾಂಶ: ಇಲ್ಲ. ಮಾರ್ಜಿನ್ ಆಫ್ ಸೇಫ್ಟಿ ಎಂದರೆ ನಮ್ಮ ಊಹೆ ತಪ್ಪಿದರೂ ಪೆಟ್ಟು ತಗ್ಗಲೆಂದು ಮೌಲ್ಯಕ್ಕೂ ಕೊಳ್ಳುವ ಬೆಲೆಗೂ ನಡುವೆ ಬಿಡುವ ಅಂತರ. ಅದನ್ನು ಅಳೆಯುವುದು ಹಳೆಯ ಬೆಲೆಯಿಂದಲ್ಲ, ಅಂದಾಜು ಮೌಲ್ಯದಿಂದ.

ಒಂದು ಕಂಪನಿ ಮುಂದಿನ ವರ್ಷ ಶೇರಿಗೆ 10 ರೂಪಾಯಿ ನಗದು ಉಳಿಸುತ್ತದೆ ಎನ್ನಿ. ನಮಗೆ ಬೇಕಾದ ಪ್ರತಿಫಲ ಶೇ 12, ಆ ನಗದಿನ ಬೆಳವಣಿಗೆ ಸದಾ ಶೇ 6. ಹತ್ತನ್ನು ಇವೆರಡರ ವ್ಯತ್ಯಾಸವಾದ 0.06ರಿಂದ ಭಾಗಿಸಿದರೆ ಮೌಲ್ಯ ಸುಮಾರು 167. ಶೇರು 300ರಿಂದ 180ಕ್ಕೆ ಇಳಿದಿದ್ದರೂ ದುಬಾರಿಯೇ.

ಬೆಳವಣಿಗೆ ಶೇ 4 ಮಾತ್ರ ಆಯಿತೋ, ಮೌಲ್ಯ 125. ಊಹೆ ಅಷ್ಟು ತಪ್ಪಿದ್ದಕ್ಕೇ ಕಾಲು ಭಾಗ ಹೋಯಿತು! ಬೆಳವಣಿಗೆಯನ್ನು ಅದಕ್ಕಿಂತ ನಿಖರವಾಗಿ ಹೇಳಬಲ್ಲವರನ್ನು ನಾನಂತೂ ಕಂಡಿಲ್ಲ. ಅದಕ್ಕೇ ಈ ಅಂತರದ ಪಾಠ ಹೇಳಿಕೊಟ್ಟ ಹೂಡಿಕೆ ಗುರು ಬೆಂಜಮಿನ್ ಗ್ರಹಾಂ ಹಾದಿಯವರು 167 ಎಂದು ಲೆಕ್ಕ ಹಾಕಿಯೂ, ಬೆಲೆ 110ರ ಆಸುಪಾಸಿಗೆ ಬರಲೆಂದು ಕಾಯುತ್ತಾರೆ. ಕಂಪನಿಯ ನಗದೇ ಬತ್ತುತ್ತಿದ್ದರೆ ಆ 110 ಕೂಡ ಕಾಪಾಡದು.