ವೇಟಿಂಗ್ ಲಿಸ್ಟ್ ಟಿಕೆಟ್ ಎಷ್ಟು ಹೊತ್ತಿಗೆ ರದ್ದಾಗಬೇಕು?

ವೇಟಿಂಗ್ ಲಿಸ್ಟ್ ಟಿಕೆಟ್ ಅಂದರೆ ಬಾಕಿ ಉಳಿದ ಅರ್ಜಿ. ಪೂರ್ತಿ ದುಡ್ಡು ಕಟ್ಟಿ ಸೀಟು ಕೇಳಿರುತ್ತೇವೆ, ರೈಲ್ವೆ ಇನ್ನೂ ಹೂಂ ಅಂದಿರುವುದಿಲ್ಲ. ಆನ್‌ಲೈನ್ ಟಿಕೆಟ್ ಆದರೆ, ಯಾರಿಗೆ ಯಾವ ಸೀಟು ಅನ್ನುವ ಕೊನೆಯ ಪಟ್ಟಿ, ಅಂದರೆ ಚಾರ್ಟ್ ಆಗುವಾಗಲೂ ಅದರಲ್ಲಿರುವ ಎಲ್ಲರೂ ವೇಟಿಂಗ್‌ನಲ್ಲೇ ಇದ್ದರೆ, ತಾನಾಗೇ ರದ್ದಾಗುತ್ತದೆ. ಸಣ್ಣ ಶುಲ್ಕ ಹಿಡಿದುಕೊಂಡು ಉಳಿದ ದುಡ್ಡು ಖಾತೆಗೆ ವಾಪಸ್ ಬರುತ್ತದೆ.

ಚಾರ್ಟ್ ಎಷ್ಟು ಹೊತ್ತಿಗೆ ಆಗಬೇಕು ಅನ್ನುವುದೇ ಇಲ್ಲಿ ಮುಖ್ಯ. ಮೊದಲು ರೈಲು ಹೊರಡುವ 4 ಗಂಟೆ ಮುಂಚೆ ಆಗುತ್ತಿತ್ತು. 2025ರಲ್ಲಿ ರೈಲ್ವೆ ಮಂಡಳಿ ಅದನ್ನು 8 ಗಂಟೆ ಮುಂಚೆಗೆ ತರಲು ತೀರ್ಮಾನಿಸಿತು. ಇದು ಸರಿಯಾದ ತೀರ್ಮಾನ ಅಂತಲೇ ನನ್ನ ಅಭಿಪ್ರಾಯ. ಬೆಂಗಳೂರಿಂದ ಹುಬ್ಬಳ್ಳಿಗೆ ರಾತ್ರಿ 11ರ ರೈಲು ಅಂದುಕೊಳ್ಳಿ. ಹಬ್ಬದ ಹಿಂದಿನ ದಿನ ಸಂಜೆ 7ಕ್ಕೆ ಸೀಟಿಲ್ಲ ಅಂತ ಗೊತ್ತಾದರೆ ಯಾವ ಸ್ಲೀಪರ್ ಬಸ್ಸು ಖಾಲಿ ಇರುತ್ತದೆ? ಮಧ್ಯಾಹ್ನ 3ಕ್ಕೇ ಗೊತ್ತಾದರೆ ಹುಡುಕಬಹುದು, ಅಲ್ವಾ? ಅರ್ಜಿ ಹಾಕಿ ಎಷ್ಟು ದಿನ ಆಯಿತು ಅನ್ನುವ ಲೆಕ್ಕ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಕೇಳಿದವನಿಗೆ ಬೇರೆ ದಾರಿ ಎಲ್ಲಿಯವರೆಗೆ ತೆರೆದಿರುತ್ತದೋ, ಅಲ್ಲಿಂದ ಹಿಂದಕ್ಕೆ ಎಣಿಸಬೇಕು.

ಹಾಗಂತ ಎರಡು ದಿನ ಮುಂಚೆ ರದ್ದು ಮಾಡಿದರೂ ತಪ್ಪೇ. ಜನ ಟಿಕೆಟ್ ಕ್ಯಾನ್ಸಲ್ ಮಾಡುವುದು ಕೊನೆ ಗಳಿಗೆಯಲ್ಲಿ. ಪಟ್ಟಿ ಮುಂದೆ ಸರಿಯುವುದೂ ಆಗಲೇ. ಬೇಗ ಬಾಗಿಲು ಹಾಕಿದರೆ ಸಿಗಬಹುದಾಗಿದ್ದ ಸೀಟೂ ಕೈತಪ್ಪುತ್ತದೆ.

ಇನ್ನು ರದ್ದಾದ ಮೇಲೆ ಏನು ಹೇಳಬೇಕು? 'ಕನ್ಫರ್ಮ್ ಆಗಿಲ್ಲ' ಅಂದರೆ ಸಾಲದು. ನಾನು ಕೇಳುವುದು ಇಷ್ಟೇ: ಟಿಕೆಟ್ ರದ್ದಾಗಿದೆ, ಇದರಲ್ಲಿ ರೈಲು ಹತ್ತುವಂತಿಲ್ಲ. ಇಷ್ಟು ದುಡ್ಡು ವಾಪಸ್ ಬರುತ್ತದೆ, ನೀವು ಏನೂ ಮಾಡಬೇಕಿಲ್ಲ. ಚಾರ್ಟ್ ಆದ ಮೇಲೆ ಉಳಿದ ಸೀಟು ಕರೆಂಟ್ ಬುಕಿಂಗ್‌ನಲ್ಲಿ ಸಿಗಬಹುದು, ಆದರೆ ಹೊಸದಾಗಿ ಬುಕ್ ಮಾಡಬೇಕು. ಈ ಕೊನೆಯ ಮಾತು ತುಂಬಾ ಜನಕ್ಕೆ ಗೊತ್ತೇ ಇಲ್ಲ. ಹಳೇ ಪಿಎನ್‌ಆರ್ ನೋಡುತ್ತಾ ಸುಮ್ನೆ ಕಾಯುತ್ತಾರೆ.

ಜಾಸ್ತಿ ಗೊಂದಲ ಆಗುವುದು ಅರ್ಧ ಕನ್ಫರ್ಮ್ ಆದಾಗ. ಒಂದೇ ಪಿಎನ್‌ಆರ್‌ನಲ್ಲಿ ನಾಲ್ವರು. ಅಪ್ಪ, ಅಮ್ಮನಿಗೆ ಸೀಟು ಬಂತು, ಮಕ್ಕಳಿಬ್ಬರೂ ವೇಟಿಂಗ್‌ನಲ್ಲೇ ಉಳಿದರು. ಈ ಟಿಕೆಟ್ ತಾನಾಗಿ ರದ್ದಾಗುವುದಿಲ್ಲ. ಯಾರೂ ಹೋಗುವುದು ಬೇಡ ಅಂದುಕೊಂಡರೆ, ನಿಗದಿತ ಹೊತ್ತಿನೊಳಗೆ ಅವರೇ ಇಡೀ ಟಿಕೆಟ್ ಕ್ಯಾನ್ಸಲ್ ಮಾಡಬೇಕು, ಇಲ್ಲವೇ ದುಡ್ಡು ವಾಪಸ್ ಕೇಳುವ ಟಿಡಿಆರ್ ಅರ್ಜಿ ಹಾಕಬೇಕು. ಕೌಂಟರ್ ಟಿಕೆಟ್ಟಿನ ದುಡ್ಡೂ ಹಾಗೆಯೇ, ಕೇಳದೆ ಬರುವುದಿಲ್ಲ. ವೇಟಿಂಗ್ ಆನ್‌ಲೈನ್ ಟಿಕೆಟ್‌ಗೆ ದುಡ್ಡು ತಾನಾಗಿ ಬಂದಿದ್ದನ್ನು ನೋಡಿದವರು ಇಲ್ಲೂ ಬರುತ್ತದೆ ಅಂತ ನಂಬಿ ಕೂರುತ್ತಾರೆ. ಆದ್ದರಿಂದ ಇಂಥ ಟಿಕೆಟ್‌ಗೆ ಬೇರೆಯೇ ಮೆಸೇಜ್ ಬೇಕು. ಯಾರಿಗೆ ಸೀಟಿದೆ, ಯಾರಿಗಿಲ್ಲ, ಎಷ್ಟು ಗಂಟೆಯೊಳಗೆ ಏನು ಮಾಡಿದರೆ ದುಡ್ಡು ಉಳಿಯುತ್ತದೆ ಅನ್ನುವುದು ಅದರಲ್ಲಿ ಕನ್ನಡದಲ್ಲೇ ಇರಬೇಕು.